‘420 ಕೋಟಿ ಪಿ ಅಂಡ್ ಎಲ್’ ಅಂತ ಬರೆದಿದ್ದಾರೆ, ನಂಬೋದಾ? ಡೈರೆಕ್ಟರ್ ಹುದ್ದೆಗೆ ಬಂದ ರೆಸ್ಯೂಮೆ ಓದುವ ಬಗೆ

(ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ)

ಇವತ್ತಿನ ಕಂತು ಶುರುವಾಗಿದ್ದು ಒಂದು ಶನಿವಾರ ರಾತ್ರಿಯ ಫೋನ್ ಕರೆಯಿಂದ.

ಕರೆ ಮಾಡಿದ್ದು ನಮ್ಮ ದೊಡ್ಡಪ್ಪನ ಮಗಳು. ನನಗಿಂತ ಎರಡು ವರ್ಷ ದೊಡ್ಡವಳು, ಪೀಣ್ಯದ ಒಂದು ಪ್ಯಾಕೇಜಿಂಗ್ ಕಂಪನಿಯಲ್ಲಿ ಎಚ್‌ಆರ್. ರಟ್ಟಿನ ಪೆಟ್ಟಿಗೆ ಮಾಡೋ ಕಂಪನಿ. ಬಿಸ್ಕತ್ತು, ಸೋಪು, ಆನ್‌ಲೈನ್ ಆರ್ಡರ್ ಎಲ್ಲ ಬರುತ್ತಲ್ಲ, ಆ ಕಂದು ಬಣ್ಣದ ಬಾಕ್ಸ್. ವರ್ಷಕ್ಕೆ ಸುಮಾರು 300 ಕೋಟಿ ವಹಿವಾಟು, ಎರಡು ಫ್ಯಾಕ್ಟರಿ. ಗುರುತು ಸಿಗಬಾರದು ಅಂತ ಈ ಕಂತಿನ ಅಂಕಿಗಳನ್ನೆಲ್ಲ ಸ್ವಲ್ಪ ಬದಲಿಸಿದ್ದೀನಿ, ಲೆಕ್ಕದ ದಾರಿ ಮಾತ್ರ ಹಾಗೇ ಇದೆ.

"ಲೋ, ಡೈರೆಕ್ಟರ್ ಪೋಸ್ಟಿಗೆ ಎರಡು ರೆಸ್ಯೂಮೆ ಬಂದಿದೆ ಕಣೋ. ಯಾರನ್ನ ಕರೀಬೇಕು ಅಂತ ಸೋಮವಾರ ಬೆಳಗ್ಗೆ ಎಂಡಿಗೆ ಒಂದು ಪುಟದ ನೋಟ್ ಕೊಡಬೇಕು. ಎರಡೂ ಓದಿದ್ರೆ ಇಬ್ರೂ ದೇವ್ರು ಥರಾನೇ ಕಾಣ್ತಾರೆ" ಅಂದಳು.

ಅವಳ ಗಾಬರಿಗೆ ಕಾರಣ ಇತ್ತು. ಹಿಂದಿನ ಸಲ ಇದೇ ಥರದ ಹುದ್ದೆಗೆ ಬಂದವರು ಮಾರಾಟದಲ್ಲಿ ಹುಲಿ. ಆರ್ಡರ್ ಮೇಲೆ ಆರ್ಡರ್ ತಂದರು. ಆದರೆ ಆ ಆರ್ಡರ್‌ಗೋಸ್ಕರ ಗ್ರಾಹಕರಿಗೆ ಮೂರು ಮೂರು ತಿಂಗಳು ಉದ್ದರಿ ಕೊಟ್ಟಿದ್ದರು. ಫ್ಯಾಕ್ಟರಿ ಹಗಲು ರಾತ್ರಿ ಓಡ್ತಿತ್ತು, ಬ್ಯಾಂಕ್ ಖಾತೆ ಖಾಲಿ. ಒಂದನೇ ತಾರೀಕಿನ ಸಂಬಳ ಹನ್ನೆರಡಕ್ಕೆ ಬಂತು, ಎರಡು ತಿಂಗಳು ಹೀಗೇ ಆಯ್ತು. ಮನೆ ಬಾಡಿಗೆ ಕಟ್ಟಬೇಕು ಮೇಡಂ ಅಂತ ಕಾರ್ಮಿಕರು ಫೋನ್ ಮಾಡಿದಾಗ ಉತ್ತರ ಕೊಟ್ಟಿದ್ದು ಎಂಡಿ ಅಲ್ಲ, ಅಕ್ಕ.

ಸರಿ, ಭಾನುವಾರ ಬಾ ಅಂದೆ. ಎರಡು ರೆಸ್ಯೂಮೆ, ಒಂದು ಜಾಹೀರಾತು, ಒಂದು ಕ್ಯಾಲ್ಕುಲೇಟರ್ ಇಟ್ಕೊಂಡು ಕೂತ್ವಿ.

ಮೊದಲು ಓದಬೇಕಾದ್ದು ರೆಸ್ಯೂಮೆ ಅಲ್ಲ, ಜಾಹೀರಾತು

ನಾವೆಲ್ಲ ಮಾಡೋ ತಪ್ಪು ಏನು ಅಂದ್ರೆ ರೆಸ್ಯೂಮೆ ಮೊದಲು ತೆಗೀತೀವಿ. ಆಗ ಬರೆದವರ ಭಾಷೆಯೇ ನಮ್ಮ ತಲೇಲಿ ಕೂತುಬಿಡುತ್ತೆ. ಅದಕ್ಕೇ ಮೊದಲು ಜಾಹೀರಾತು ತೆಗೆದ್ವಿ. ಅದರಲ್ಲಿ 14 ಸಾಲು ಇತ್ತು. 20 ವರ್ಷ ಅನುಭವ, ನಾಯಕತ್ವ, ಒಳ್ಳೆ ಸಂವಹನ, ಹೀಗೆ. ಯಾವ ಹುದ್ದೆಯ ಜಾಹೀರಾತಲ್ಲೂ ಇರೋ ಸಾಲುಗಳನ್ನ ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದ್ವಿ. ಉಳಿದಿದ್ದು ಎರಡು.

ಒಂದು, ಇಡೀ ವ್ಯವಹಾರದ ಲಾಭ ನಷ್ಟದ ಪೂರ್ಣ ಹೊಣೆ. ಎರಡು, ಪ್ರತಿ ತ್ರೈಮಾಸಿಕಕ್ಕೊಮ್ಮೆ ಬೋರ್ಡ್‌ಗೆ ವರದಿ. ಎರಡನೆಯದು ಯಾಕೆ ಬಂತು ಅಂದ್ರೆ, ಕಂಪನಿಗೆ ಹೊಸದಾಗಿ ಹೊರಗಿನ ಹೂಡಿಕೆದಾರರು ಬಂದಿದ್ದಾರೆ, ಬೋರ್ಡ್‌ನಲ್ಲಿ ಅವರ ಕಡೆಯ ಇಬ್ಬರು ಕೂತಿದ್ದಾರೆ. ಮನೆಯವರೇ ಕೂತು ಮಾತಾಡಿಕೊಳ್ಳೋ ಕಾಲ ಮುಗೀತು.

ಇಲ್ಲೇ ಒಂದು ಸಣ್ಣ ಎಚ್ಚರಿಕೆ. ‘ಡೈರೆಕ್ಟರ್’ ಅನ್ನೋ ಪದಕ್ಕೆ ಎರಡು ಅರ್ಥ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ಡೈರೆಕ್ಟರ್ ಅಂದ್ರೆ ಬೋರ್ಡ್‌ಗೆ ನೇಮಕ ಆದವರು. ಅವರಿಗೆ ಡಿಐಎನ್ ಅನ್ನೋ ಗುರುತಿನ ಸಂಖ್ಯೆ ಇರುತ್ತೆ, ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿಯ ಡೈರೆಕ್ಟರ್‌ಗಳ ಪಟ್ಟಿಯಲ್ಲಿ ಹೆಸರು ಕಾಣುತ್ತೆ. ಆದರೆ ಎಷ್ಟೋ ಕಂಪನಿಗಳು ‘ಡೈರೆಕ್ಟರ್, ಸೇಲ್ಸ್’ ಅಂತ ಬರೀ ಪದನಾಮ ಕೊಡ್ತವೆ, ಬೋರ್ಡ್‌ನಲ್ಲಿ ಜಾಗ ಇರಲ್ಲ. ಅದು ಮೋಸ ಅಲ್ಲ, ರೂಢಿ. ಆದರೆ ರೆಸ್ಯೂಮೆಯಲ್ಲಿರೋ ಡೈರೆಕ್ಟರ್ ಯಾವ ಥರದ್ದು, ನಮ್ಮ ಜಾಹೀರಾತಿನದು ಯಾವ ಥರದ್ದು, ಎರಡನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು. ಅಕ್ಕನ ಕಂಪನಿಯದು ಬೋರ್ಡ್ ಸೀಟ್ ಇಲ್ಲದ ಹುದ್ದೆ. ಬೋರ್ಡ್ ಮುಂದೆ ನಿಂತು ಉತ್ತರ ಕೊಡಬೇಕು ಅಷ್ಟೆ.

ಲಾಭದ ಹೊಣೆ ಅಂದ್ರೆ ಯಾವುದು

ಬಿ.ಕಾಂ ಓದಿದವರಿಗೆ ಕಾಸ್ಟ್ ಅಕೌಂಟಿಂಗ್‌ನಲ್ಲಿ ಒಂದು ಪಾಠ ನೆನಪಿರಬಹುದು. ಕಾಸ್ಟ್ ಸೆಂಟರ್, ರೆವೆನ್ಯೂ ಸೆಂಟರ್, ಪ್ರಾಫಿಟ್ ಸೆಂಟರ್. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟಿದ್ದೆ. ಇವತ್ತಿನ ಪೂರ್ತಿ ಕಥೆ ಅದರಲ್ಲೇ ಇದೆ.

ಫ್ಯಾಕ್ಟರಿ ಮ್ಯಾನೇಜರ್ ಖರ್ಚಿಗೆ ಜವಾಬ್ದಾರಿ, ಮಾರಾಟಕ್ಕಲ್ಲ. ಸೇಲ್ಸ್ ಹೆಡ್ ಮಾರಾಟಕ್ಕೆ ಜವಾಬ್ದಾರಿ, ಆ ಮಾಲು ಮಾಡೋಕೆ ಎಷ್ಟು ಖರ್ಚಾಯ್ತು ಅನ್ನೋದಕ್ಕಲ್ಲ. ಎರಡೂ ಒಬ್ಬರ ಕೈಯಲ್ಲಿದ್ದು, ನಡುವೆ ಉಳಿಯೋ ಲಾಭಕ್ಕೆ ಅವರೇ ಉತ್ತರ ಕೊಡಬೇಕಾದಾಗ ಮಾತ್ರ ಅದು ಲಾಭದ ಹೊಣೆ. ಸಮಸ್ಯೆ ಏನು ಅಂದ್ರೆ, ಮೂರೂ ಜನ ರೆಸ್ಯೂಮೆಯಲ್ಲಿ ‘ಪಿ ಅಂಡ್ ಎಲ್ ಮ್ಯಾನೇಜ್ ಮಾಡಿದ್ದೇನೆ’ ಅಂತಲೇ ಬರೀತಾರೆ.

ಬೇರೆ ಬೇರೆ ಮಾಡಿ ನೋಡೋಕೆ ನಾಲ್ಕು ಪ್ರಶ್ನೆ ಇಟ್ಕೊಂಡ್ವಿ. ಮಾರೋ ಬೆಲೆಯನ್ನ ಇವರೇ ನಿರ್ಧರಿಸ್ತಿದ್ರಾ? ಕಚ್ಚಾ ಮಾಲಿನ ಖರೀದಿ ಇವರ ಕೈಕೆಳಗೆ ಇತ್ತಾ? ಜನರನ್ನ ತಗೊಳ್ಳೋದು, ಬಿಡೋದು, ಮಷೀನ್ ಕೊಳ್ಳೋದು ಇವರ ಮಾತಾ? ವರ್ಷದ ಕೊನೇಲಿ ಲಾಭ ಕಮ್ಮಿ ಬಂದಾಗ ಯಾರನ್ನ ಕರೆದು ಕೇಳ್ತಿದ್ರು?

ಈಗ ಮೊದಲ ರೆಸ್ಯೂಮೆ. ಒಂದು ದೊಡ್ಡ ಲಿಸ್ಟೆಡ್ ಕಂಪನಿಯ ಪ್ಯಾಕೇಜಿಂಗ್ ವಿಭಾಗದ ಹಿರಿಯ ಉಪಾಧ್ಯಕ್ಷರು, 22 ವರ್ಷ ಅನುಭವ. ಮೊದಲ ಸಾಲೇ, ‘420 ಕೋಟಿ ರೂ. ಪಿ ಅಂಡ್ ಎಲ್ ನಿರ್ವಹಣೆ’. ಎರಡನೇ ಸಾಲು, ‘ನಾಲ್ಕು ವರ್ಷದಲ್ಲಿ ಶೇ. 40 ಬೆಳವಣಿಗೆ’. ಮೂರನೇ ಸಾಲು, ‘ಬೋರ್ಡ್‌ಗೆ ನಿಯಮಿತವಾಗಿ ವಿಷಯ ಮಂಡನೆ’.

ಅಕ್ಕನಿಗೆ ಹೇಳಿದೆ, ದೊಡ್ಡ ಅಂಕಿ ಬಿಡು, ಕೆಳಗೆ ಚಿಕ್ಕ ಅಕ್ಷರದಲ್ಲಿ ಏನಿದೆ ನೋಡು ಅಂತ. ತಂಡದಲ್ಲಿ 65 ಜನ, ಎಲ್ಲರೂ ಮಾರಾಟದವರು. ಫ್ಯಾಕ್ಟರಿ, ಖರೀದಿ, ಹಣಕಾಸು ಇವುಗಳಲ್ಲಿ ಒಬ್ಬರೂ ಇಲ್ಲ. ಇವರ ಮೇಲಿದ್ದವರು ಕಂಪನಿಯ ಮುಖ್ಯ ಕಾರ್ಯಾಚರಣೆ ಅಧಿಕಾರಿ. ಬಂದಿರೋ ಪ್ರಶಸ್ತಿಗಳೆಲ್ಲ ಮಾರಾಟದ್ದು. ಎರಡೂವರೆ ಪುಟದಲ್ಲಿ ‘ಲಾಭ’ ಅನ್ನೋ ಪದದ ಪಕ್ಕ ಒಂದೇ ಒಂದು ಅಂಕಿ ಇಲ್ಲ. ನಾಲ್ಕು ಪ್ರಶ್ನೆಯಲ್ಲಿ ಒಂದಕ್ಕೂ ರೆಸ್ಯೂಮೆಯಲ್ಲಿ ಉತ್ತರ ಸಿಗಲಿಲ್ಲ.

ಶೇ. 40 ಬೆಳವಣಿಗೆಯ ಒಳಗೆ ಏನಿತ್ತು

ಸುಮ್ನೆ ಅನುಮಾನ ಪಟ್ಟರೆ ಆಗಲ್ಲ, ನೋಡೋಕೆ ದಾರಿ ಇದೆ. ಲಿಸ್ಟೆಡ್ ಕಂಪನಿ ಅಂದ್ರೆ ವಾರ್ಷಿಕ ವರದಿ ಉಚಿತವಾಗಿ ಸಿಗುತ್ತೆ. ಒಂದು ಕಂಪನಿಗೆ ಬೇರೆ ಬೇರೆ ವ್ಯವಹಾರಗಳಿದ್ದರೆ, ಇಂಡ್ ಎಎಸ್ 108 ಅನ್ನೋ ಲೆಕ್ಕಪತ್ರ ಮಾನದಂಡದ ಪ್ರಕಾರ ಮುಖ್ಯವಾದ ಪ್ರತಿ ವಿಭಾಗದ ಆದಾಯ, ಲಾಭವನ್ನ ಬೇರೆಯಾಗಿ ತೋರಿಸಬೇಕು. ವರದಿಯ ಕೊನೆಯ ಟಿಪ್ಪಣಿಗಳಲ್ಲಿ ‘ಸೆಗ್ಮೆಂಟ್’ ಅಂತ ಹುಡುಕಿದ್ರೆ ಸಾಕು. ನಾಲ್ಕು ವರ್ಷದ ಹಿಂದಿನದೊಂದು, ಈಗಿನದೊಂದು, ಎರಡು ಪಿಡಿಎಫ್ ತೆಗೆದ್ವಿ.

ಆದಾಯ 300 ಕೋಟಿಯಿಂದ 420 ಕೋಟಿ. ಅಲ್ಲಿಗೆ ಶೇ. 40 ನಿಜ. ವರ್ಷಕ್ಕೆ ಹಂಚಿದ್ರೆ ಚಕ್ರಬಡ್ಡಿ ಲೆಕ್ಕದಲ್ಲಿ ಸುಮಾರು ಶೇ. 8.8. ಪರವಾಗಿಲ್ಲ, ಆದರೆ 40 ಅಂತ ಕೇಳಿದಾಗ ಆದ ರೋಮಾಂಚನ ಇಲ್ಲ.

ಪಕ್ಕದ ಸಾಲು ವಿಭಾಗದ ಲಾಭ. 30 ಕೋಟಿ ಇದ್ದದ್ದು 25 ಕೋಟಿ ಆಗಿತ್ತು. ಅಂದ್ರೆ ನೂರು ರೂಪಾಯಿ ಮಾರಿದ್ರೆ ಮೊದಲು ಹತ್ತು ಉಳೀತಿತ್ತು, ಈಗ ಆರೂ ಉಳೀತಿಲ್ಲ. 120 ಕೋಟಿ ಹೆಚ್ಚು ಮಾರಿ ಐದು ಕೋಟಿ ಕಮ್ಮಿ ಗಳಿಸಿದ್ದಾರೆ.

ಅಕ್ಕ ಸುಮ್ಮನೆ ಕೂತಳು. ಆಮೇಲೆ, "ಹಾಗಾದ್ರೆ ಇವರು ಸುಳ್ಳು ಬರೆದಿದ್ದಾರಾ?" ಅಂದಳು.

ಇಲ್ಲ. ಇಲ್ಲಿ ನಿಧಾನವಾಗಿ ಯೋಚಿಸಬೇಕು. ಎರಡರಲ್ಲಿ ಒಂದು ನಿಜ. ಲಾಭದ ಹೊಣೆ ಇವರದೇ ಆಗಿದ್ರೆ, ಇವರ ಕಾಲದಲ್ಲಿ ಲಾಭ ಇಳಿದಿದೆ. ಹೊಣೆ ಇವರದಲ್ಲ, ಮಾರಾಟ ಮಾತ್ರ ಇವರದು ಅನ್ನೋದಾದ್ರೆ, ‘420 ಕೋಟಿ ಪಿ ಅಂಡ್ ಎಲ್’ ಅನ್ನೋ ಸಾಲು ಸರಿಯಿಲ್ಲ, ಅದು 420 ಕೋಟಿ ಮಾರಾಟ. ಯಾವುದೇ ಆಗಿರಲಿ, ಕೇಳದೆ ಮುಂದೆ ಹೋಗೋ ಹಾಗಿಲ್ಲ. ಲಾಭ ಇಳಿಯೋಕೆ ಒಳ್ಳೆ ಕಾರಣಾನೂ ಇರಬಹುದು. ಹೊಸ ಫ್ಯಾಕ್ಟರಿ ಶುರುವಾದ್ರೆ ಮೊದಲ ಒಂದೆರಡು ವರ್ಷ ಸವಕಳಿ, ಸಂಬಳ ಎಲ್ಲ ಖರ್ಚಿನ ಕಡೆ ಬಂದುಬಿಡುತ್ತೆ, ಆದಾಯ ಆಮೇಲೆ ಬರುತ್ತೆ. ಅದಕ್ಕೇ ತೀರ್ಪು ಬರೀಬೇಡ, ಪ್ರಶ್ನೆ ಬರಿ ಅಂದೆ.

ಅಕ್ಕ ಆಗಲೇ ಫೋನ್ ಮಾಡಿ ಹತ್ತು ನಿಮಿಷ ಸಿಗಬಹುದಾ ಸರ್ ಅಂತ ಕೇಳಿದಳು. ಅವರು ಭಾನುವಾರವೂ ಮಾತಾಡಿದ್ರು, ಚೆನ್ನಾಗೇ ಮಾತಾಡಿದ್ರು. ಬೆಲೆ ಯಾರು ನಿರ್ಧರಿಸ್ತಿದ್ರು ಸರ್ ಅಂದಾಗ, "ಅದಕ್ಕೆ ಒಂದು ಸಮಿತಿ ಇತ್ತಮ್ಮ, ನಾನು ಶಿಫಾರಸು ಮಾಡ್ತಿದ್ದೆ" ಅಂದ್ರು. ಖರೀದಿ ಕೇಂದ್ರ ಕಚೇರಿಯದು. ಗ್ರಾಹಕರು ಎಷ್ಟು ದಿನಕ್ಕೆ ದುಡ್ಡು ಕೊಡ್ತಿದ್ರು ಅಂದಾಗ, ಮೊದಲು 60 ದಿನ ಇತ್ತು, ಪೈಪೋಟಿ ಜಾಸ್ತಿ ಆಗಿ ಕೊನೆಗೆ 95 ಆಯ್ತು ಅಂದ್ರು.

ಈ ಕೊನೆಯ ಉತ್ತರವನ್ನ ಲೆಕ್ಕ ಹಾಕಿ ನೋಡಿ. 300 ಕೋಟಿಯನ್ನ 365ರಿಂದ ಭಾಗಿಸಿ 60ರಿಂದ ಗುಣಿಸಿದ್ರೆ ಸುಮಾರು 49 ಕೋಟಿ. ಅಷ್ಟು ದುಡ್ಡು ಯಾವಾಗಲೂ ಗ್ರಾಹಕರ ಹತ್ತಿರ ಬಾಕಿ ಇರ್ತಿತ್ತು. 420 ಕೋಟಿಗೆ 95 ದಿನ ಅಂದ್ರೆ ಸುಮಾರು 109 ಕೋಟಿ. 60 ಕೋಟಿ ಹೆಚ್ಚುವರಿ ಹಣ ಹೊರಗೆ ಸಿಕ್ಕಿಕೊಂಡಿದೆ. ಅದನ್ನ ಬ್ಯಾಂಕ್ ಸಾಲದಿಂದ ತುಂಬಿಸಿದ್ರೆ, ಶೇ. 10 ಬಡ್ಡಿ ಅಂದ್ಕೊಂಡರೂ ವರ್ಷಕ್ಕೆ 6 ಕೋಟಿ. ವಿಭಾಗದ ಲಾಭವನ್ನ ಸಾಮಾನ್ಯವಾಗಿ ಬಡ್ಡಿಗೆ ಮುಂಚೆ ಲೆಕ್ಕ ಹಾಕೋದ್ರಿಂದ ಈ 6 ಕೋಟಿ ಆ 25 ಕೋಟಿಯಲ್ಲಿ ಕಾಣೋದೂ ಇಲ್ಲ. ಅಕ್ಕನ ಕಂಪನಿಯಲ್ಲಿ ಸಂಬಳ ತಡವಾಗಿದ್ದು ಸರಿಯಾಗಿ ಈ ಜಾಗದಲ್ಲೇ.

ಬೋರ್ಡ್ ಮುಂದೆ ನಿಂತವರು, ಸ್ಲೈಡ್ ಮಾಡಿಕೊಟ್ಟವರು

ಇನ್ನು ಮೂರನೇ ಸಾಲು, ಬೋರ್ಡ್‌ಗೆ ನಿಯಮಿತ ಮಂಡನೆ. ಇದರಲ್ಲೂ ಮೂರು ಮೆಟ್ಟಿಲಿದೆ. ಎಂಡಿಗೋಸ್ಕರ ಸ್ಲೈಡ್ ತಯಾರು ಮಾಡಿ ಕೊಡೋದು ಒಂದು. ಒಂದು ವಿಷಯಕ್ಕೆ ಸಭೆಯೊಳಗೆ ಕರೆಸಿಕೊಂಡು, ಹೇಳಿ, ಪ್ರಶ್ನೆಗೆ ಉತ್ತರ ಕೊಟ್ಟು ಬರೋದು ಇನ್ನೊಂದು. ಬೋರ್ಡ್ ಸದಸ್ಯರಾಗಿಯೇ ಕೂತು, ನಿರ್ಧಾರಕ್ಕೆ ಹೊಣೆಯಾಗೋದು ಮೂರನೆಯದು. ಒಂದೇ ವಾಕ್ಯ ಮೂರಕ್ಕೂ ಹೊಂದುತ್ತೆ.

ಎಣಿಕೆಯಿಂದ ಶುರು ಮಾಡಬಹುದು. ಕಾಯ್ದೆಯ 173ನೇ ಸೆಕ್ಷನ್ ಪ್ರಕಾರ ಇಂಥ ಕಂಪನಿಗಳ ಬೋರ್ಡ್ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು, ಎರಡು ಸಭೆಗಳ ಮಧ್ಯೆ 120 ದಿನ ಮೀರಬಾರದು. ನಾಲ್ಕು ವರ್ಷ ಅಂದ್ರೆ ಕನಿಷ್ಠ 16 ಸಭೆ. ಅದರಲ್ಲಿ ಎಷ್ಟಕ್ಕೆ ನೀವು ಕೋಣೆಯೊಳಗೆ ಇದ್ರಿ ಸರ್, ಯಾವ ವಿಷಯಕ್ಕೆ? ಈ ಪ್ರಶ್ನೆಗೆ ನಿಜವಾಗಿ ಹೋದವರು ತಕ್ಷಣ ಉತ್ತರ ಹೇಳ್ತಾರೆ, ಯಾಕಂದ್ರೆ ಆ ಕೋಣೆ ಮರೆಯೋ ಅಂಥದ್ದಲ್ಲ. ನಮ್ಮ ಮೊದಲ ಅಭ್ಯರ್ಥಿ ಎರಡು ಅಂದ್ರು. ಎರಡೂ ವರ್ಷದ ಮಾರಾಟ ಯೋಜನೆ. ಉಳಿದದ್ದೆಲ್ಲ ಇವರ ಸ್ಲೈಡ್, ಮೇಲಿನವರ ಮಾತು.

ಎರಡನೇ ಪ್ರಶ್ನೆ ಇನ್ನೂ ಮುಖ್ಯ. ಬೋರ್ಡ್‌ಗೆ ಕೆಟ್ಟ ಸುದ್ದಿ ತಗೊಂಡು ಹೋದ ಒಂದು ಸಂದರ್ಭ ಹೇಳಿ. ಬೋರ್ಡ್ ವರದಿ ಅಂದ್ರೆ ಸಾಧನೆ ಪಟ್ಟಿ ಅಲ್ಲ. ಬಜೆಟ್ ಎಷ್ಟಿತ್ತು, ಬಂದಿದ್ದು ಎಷ್ಟು, ವ್ಯತ್ಯಾಸಕ್ಕೆ ಕಾರಣ ಏನು, ಕೈಯಲ್ಲಿ ನಗದು ಎಷ್ಟು ತಿಂಗಳಿಗೆ ಸಾಕು, ಬೋರ್ಡ್ ಈಗ ಏನು ತೀರ್ಮಾನ ಮಾಡಬೇಕು, ಇಷ್ಟಕ್ಕೆ ಉತ್ತರ ಕೊಡಬೇಕು. ಸಭೆಯ ನೋಟಿಸನ್ನ ಕನಿಷ್ಠ ಏಳು ದಿನ ಮುಂಚೆ ಕಳಿಸಬೇಕು, ವಿಷಯಗಳ ಟಿಪ್ಪಣಿಯೂ ಮೊದಲೇ ಹೋಗಿರುತ್ತೆ. ಹಾಗಾಗಿ ಸದಸ್ಯರು ಓದಿಕೊಂಡೇ ಬಂದಿರ್ತಾರೆ. ಹೂಡಿಕೆದಾರರ ಕಡೆಯವರು ಸ್ಲೈಡ್ ನೋಡಲ್ಲ, ವ್ಯತ್ಯಾಸದ ಸಾಲಿಗೆ ಬೆರಳಿಟ್ಟು ಕೇಳ್ತಾರೆ.

ಮತ್ತೆ ಒಂದು ಮಾತು, ಇದನ್ನ ಯಾರೂ ಹೇಳಿಕೊಡಲ್ಲ. ಸಾಕ್ಷಿಗೆ ಹಳೇ ಕಂಪನಿಯ ಬೋರ್ಡ್ ಕಾಗದ ತೋರಿಸಿ ಅಂತ ಕೇಳಲೇಬಾರದು. ಅದು ಗೋಪ್ಯ. ಲಿಸ್ಟೆಡ್ ಕಂಪನಿದಾದ್ರೆ ಅದರಲ್ಲಿ ಇನ್ನೂ ಹೊರಗೆ ಬಾರದ, ಷೇರು ಬೆಲೆ ಮೇಲೆ ಪರಿಣಾಮ ಬೀರೋ ಮಾಹಿತಿ ಇರಬಹುದು, ಅದನ್ನ ಹಂಚಿಕೊಳ್ಳೋದು ಸೆಬಿ ನಿಯಮದ ಪ್ರಕಾರ ಅಪರಾಧ ಆಗಬಹುದು. ಯಾರಾದ್ರೂ ತಾವಾಗೇ ಲ್ಯಾಪ್‌ಟಾಪ್ ತೆಗೆದು ತೋರಿಸೋಕೆ ಬಂದ್ರೆ, ನಾಳೆ ನಿಮ್ಮ ಕಾಗದವನ್ನೂ ಹೀಗೇ ತೋರಿಸ್ತಾರೆ ಅಂತ ತಿಳ್ಕೊಳ್ಳಿ.

ಎರಡನೇ ರೆಸ್ಯೂಮೆ, ಮತ್ತು ಅದರ ತೊಂದರೆ

ಎರಡನೇ ರೆಸ್ಯೂಮೆ ನೋಡೋಕೆ ಸಪ್ಪೆ. ಹುಬ್ಬಳ್ಳಿಯ ಒಂದು ಘಟಕದ ಮುಖ್ಯಸ್ಥೆ. ವಹಿವಾಟು 92 ಕೋಟಿಯಿಂದ 110 ಕೋಟಿ. ಆದರೆ ಅದರ ಕೆಳಗೇ ಬರೆದಿದ್ದಾರೆ, ಕಾರ್ಯಾಚರಣೆ ಲಾಭ ಶೇ. 6ರಿಂದ ಶೇ. 9. ಅಂದ್ರೆ ಸುಮಾರು ಐದೂವರೆ ಕೋಟಿಯಿಂದ ಹತ್ತು ಕೋಟಿ ಹತ್ತಿರ. ಬಾಕಿ ವಸೂಲಿ 78 ದಿನದಿಂದ 61ಕ್ಕೆ ಇಳಿದಿದೆ. ನಷ್ಟದ ಒಂದು ಉತ್ಪನ್ನ ನಿಲ್ಲಿಸಿದ್ದಾರೆ. ಖರೀದಿ, ಉತ್ಪಾದನೆ, ಮಾರಾಟ, ಲೆಕ್ಕಪತ್ರ ನಾಲ್ಕೂ ಇವರ ಕೆಳಗೆ.

ಅಕ್ಕನಿಗೆ ಖುಷಿ ಆಯ್ತು, ಇವರೇ ಅಂತ ಬರೆದುಬಿಡೋಣ ಅಂದಳು. ತಡಿ ಅಂದೆ. ಮೊದಲನೆಯವರನ್ನ ಹಿಂಡಿದ ಹಾಗೇ ಇವರನ್ನೂ ಹಿಂಡಬೇಕು, ಇಲ್ಲಾಂದ್ರೆ ನ್ಯಾಯ ಅಲ್ಲ.

ರಟ್ಟಿನ ಪೆಟ್ಟಿಗೆ ವ್ಯವಹಾರದಲ್ಲಿ ದೊಡ್ಡ ಖರ್ಚು ಕ್ರಾಫ್ಟ್ ಪೇಪರ್. ಅದರ ಬೆಲೆ ಮಾರುಕಟ್ಟೆಯಲ್ಲಿ ಏರುತ್ತೆ, ಇಳಿಯುತ್ತೆ. ಪೇಪರ್ ಬೆಲೆ ಇಳಿದು, ಗ್ರಾಹಕರಿಗೆ ಹಳೇ ಬೆಲೆಯಲ್ಲೇ ಮಾರಿದ್ರೆ ಕೆಲವು ತಿಂಗಳು ಲಾಭ ತಾನಾಗೇ ಉಬ್ಬುತ್ತೆ. ಅದು ಮುಖ್ಯಸ್ಥರ ಕೈಚಳಕ ಅಲ್ಲ, ಗಾಳಿ. ಕೈಚಳಕ ಎಲ್ಲಿ ಕಾಣುತ್ತೆ ಅಂದ್ರೆ, ಪೇಪರ್ ಬಿಟ್ಟು ಒಂದು ಕಿಲೋ ಪೆಟ್ಟಿಗೆ ಮಾಡೋಕೆ ಆಗೋ ಖರ್ಚಿನಲ್ಲಿ, ಮತ್ತೆ ಎಷ್ಟು ಪೇಪರ್ ಚೂರಾಗಿ ವ್ಯರ್ಥ ಆಗುತ್ತೆ ಅನ್ನೋದರಲ್ಲಿ. ಇವೆರಡೂ ರೆಸ್ಯೂಮೆಯಲ್ಲಿ ಇರಲಿಲ್ಲ. ಹಾಗಾಗಿ ಶೇ. 6ರಿಂದ 9 ಅನ್ನೋದರಲ್ಲಿ ಎಷ್ಟು ಪಾಲು ಪೇಪರ್ ಬೆಲೆಯದು, ಎಷ್ಟು ನಿಮ್ಮದು ಮೇಡಂ ಅನ್ನೋ ಪ್ರಶ್ನೆ ಪಟ್ಟಿಗೆ ಸೇರಿತು.

ಇನ್ನೊಂದು ಸಮಸ್ಯೆ ಗಾತ್ರ. 110 ಕೋಟಿ ನೋಡಿಕೊಂಡವರು 300 ಕೋಟಿ, ಎರಡು ಫ್ಯಾಕ್ಟರಿ ನೋಡಬೇಕು. ಬೋರ್ಡ್ ವಿಷಯದಲ್ಲೂ, ಇವರ ತಿಂಗಳ ವರದಿ ಹೋಗ್ತಿದ್ದದ್ದು ಸಮೂಹದ ಆಂತರಿಕ ಸಮಿತಿಗೆ. ಬೋರ್ಡ್ ಮುಂದೆ ಎರಡೇ ಸಲ ಹೋಗಿದ್ದಾರೆ. ಮೊದಲನೆಯವರೂ ಎರಡೇ ಸಲ, ಅಲ್ವಾ? ಆದರೆ ರೆಸ್ಯೂಮೆಯ ಪ್ರಕಾರ ಇವರ ಎರಡರಲ್ಲಿ ಒಂದು 14 ಕೋಟಿಯ ಮಷೀನ್‌ಗೆ ಅನುಮತಿ ಕೇಳೋಕೆ, ಇನ್ನೊಂದು ಗುರಿ ತಪ್ಪಿದ ತ್ರೈಮಾಸಿಕಕ್ಕೆ ಕಾರಣ ಹೇಳೋಕೆ. ಎಣಿಕೆ ಒಂದೇ, ತೂಕ ಬೇರೆ. ಹೊರಗಿನ ಹೂಡಿಕೆದಾರರನ್ನ ಮಾತ್ರ ಇವರೂ ಎದುರಿಸಿಲ್ಲ.

ಇವರ ಕಂಪನಿ ಲಿಸ್ಟೆಡ್ ಅಲ್ಲ. ಇಂಥ ಕಂಪನಿಗಳ ವಾರ್ಷಿಕ ಲೆಕ್ಕವೂ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತೆ, ಆದರೆ ಅದರಲ್ಲಿ ಕಾಣೋದು ಇಡೀ ಕಂಪನಿಯ ಮೊತ್ತ, ಹುಬ್ಬಳ್ಳಿ ಘಟಕದ್ದಲ್ಲ. ಹಾಗಾಗಿ ಇವರ ಅಂಕಿಯನ್ನ ಹೊರಗಿನಿಂದ ಪರೀಕ್ಷೆ ಮಾಡೋಕೆ ಆಗಲಿಲ್ಲ. ಅದನ್ನೂ ನೋಟ್‌ನಲ್ಲಿ ಹಾಗೇ ಬರೀಬೇಕು. ಅವರೊಂದಿಗೆ ಕೆಲಸ ಮಾಡಿದ ಹಣಕಾಸು ಮುಖ್ಯಸ್ಥರನ್ನ ವಿಚಾರಿಸೋದು ಮುಂದಿನ ಹೆಜ್ಜೆ, ಅದೂ ಅಭ್ಯರ್ಥಿಯ ಒಪ್ಪಿಗೆ ಪಡೆದ ಮೇಲೆ.

ಸೋಮವಾರದ ಒಂದು ಪುಟ

ಅಂಕ ಕೊಡೋ ಪದ್ಧತಿ ಬೇಡ ಅಂದ್ಕೊಂಡ್ವಿ. ಹತ್ತಕ್ಕೆ ಏಳು ಅಂತ ಬರೆದ್ರೆ ಎಂಡಿಗೆ ಏನೂ ಗೊತ್ತಾಗಲ್ಲ. ಅದರ ಬದಲು ಪ್ರತಿ ಬೇಡಿಕೆಯ ಮುಂದೆ ಮೂರರಲ್ಲಿ ಒಂದು ಪದ: ‘ಆಧಾರ ಇದೆ’, ‘ಹೇಳಿಕೆ ಮಾತ್ರ’, ‘ಕಾಣಲಿಲ್ಲ’. ಕಾಣಲಿಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ. ಕೆಲವರಿಗೆ ತಮ್ಮ ಕೆಲಸವನ್ನ ಬರೆಯೋಕೇ ಬರಲ್ಲ.

ಮೊದಲನೆಯವರ ಮುಂದೆ ಅಕ್ಕ ಬರೆದದ್ದು: ಮಾರಾಟ ಬೆಳೆಸಿದ್ದಕ್ಕೆ ಆಧಾರ ಇದೆ. ಲಾಭದ ಹೊಣೆ ಹೇಳಿಕೆ ಮಾತ್ರ, ಬೆಲೆ ಮತ್ತು ಖರೀದಿ ಅವರ ಕೈಲಿರಲಿಲ್ಲ ಎಂದು ಅವರೇ ತಿಳಿಸಿದ್ದಾರೆ. ವಿಭಾಗದ ಲಾಭ 30ರಿಂದ 25 ಕೋಟಿಗೆ ಇಳಿದಿದೆ, ಕಾರಣ ಕೇಳಬೇಕು. ಬೋರ್ಡ್ ಅನುಭವ ಸೀಮಿತ. ಎರಡನೆಯವರ ಮುಂದೆ: ಲಾಭದ ಹೊಣೆಯ ವಿವರ ಸ್ಪಷ್ಟವಾಗಿದೆ, ಹೊರಗಿನ ಆಧಾರದಿಂದ ಖಚಿತವಾಗಿಲ್ಲ. ಬೋರ್ಡ್‌ಗೆ ಕೆಟ್ಟ ಸುದ್ದಿ ಕೊಂಡೊಯ್ದ ಅನುಭವ ಇದೆ. ಗಾತ್ರ ಚಿಕ್ಕದು. ಪೇಪರ್ ಬೆಲೆಯ ಪ್ರಶ್ನೆ ಬಾಕಿ.

ಕೊನೆಯ ಸಾಲು: ಇಬ್ಬರನ್ನೂ ಕರೆಯಬಹುದು, ಮೊದಲು ಎರಡನೆಯವರನ್ನು. ಮೊದಲನೆಯವರು ಮಾರಾಟದ ಮುಖ್ಯಸ್ಥರ ಹುದ್ದೆಗೆ ಬಹಳ ಸೂಕ್ತ, ಈ ಹುದ್ದೆಗೆ ಹೌದೇ ಎನ್ನುವುದು ಲಾಭದ ಪ್ರಶ್ನೆಗೆ ಅವರು ಕೊಡುವ ಉತ್ತರದ ಮೇಲಿದೆ.

ಸೋಮವಾರ ಸಂಜೆ ಅಕ್ಕನ ಮೆಸೇಜ್ ಬಂತು. ಎಂಡಿ ನೋಟ್ ಓದಿ, ವಸೂಲಿ ದಿನದ ಲೆಕ್ಕದ ಪಕ್ಕ ಗೆರೆ ಎಳೆದು, ಇದೇ ಪ್ರಶ್ನೆಯನ್ನ ಇಬ್ಬರಿಗೂ ನಾನೇ ಕೇಳ್ತೀನಿ ಅಂದರಂತೆ. ಸಂದರ್ಶನ ಮುಂದಿನ ವಾರ. ಯಾರು ಬರ್ತಾರೋ ಗೊತ್ತಿಲ್ಲ. ಯಾರೇ ಬಂದ್ರೂ ಒಂದನೇ ತಾರೀಕು ಸಂಬಳ ಆದ್ರೆ ಸಾಕಪ್ಪ ಅಂತ ಕೊನೇಲಿ ಬರೆದಿದ್ದಳು.

ನಿಮ್ಮ ಆಫೀಸಿನಲ್ಲೂ ಇಂಥ ರೆಸ್ಯೂಮೆ ನಿಮ್ಮ ಟೇಬಲ್‌ಗೆ ಬಂದಿದ್ರೆ, ನೀವು ಯಾವ ಸಾಲಲ್ಲಿ ಸಿಕ್ಕಿಕೊಂಡ್ರಿ ಅಂತ ವಾಯ್ಸ್ ನೋಟ್ ಕಳಿಸಿ. ಹೆಸರು, ಕಂಪನಿ ಹೇಳಬೇಡಿ, ಸಾಲು ಮಾತ್ರ ಸಾಕು. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.